ಬೀಗರ ಖಾತೆಯಲ್ಲಿ ಮೂವತ್ತು ಕ್ರೇಟು

ನಾನು ಆರನೇ ಇಯತ್ತೆಯಲ್ಲಿ ಶಾಲೆ ಬಿಟ್ಟವನು. ಬಿಟ್ಟಾಗ ಮಾಸ್ತರರು ಮನೆಯವರೆಗೆ ಬಂದು, "ಲೆಕ್ಕದಾಗ ಹುಡುಗ ಶಾಣ್ಯಾ ಅದಾನ, ಕಳಸ್ರಿ" ಎಂದು ಹೇಳಿ ಹೋಗಿದ್ದರು. ಆ ಒಂದು ಮಾತನ್ನು ನಲವತ್ತು ವರ್ಷದಿಂದ ಖರ್ಚು ಮಾಡದೆ ಇಟ್ಟುಕೊಂಡಿದ್ದೇನೆ. ಆಮೇಲೆ ಅಥಣಿಯ ಅಡತಿ ಅಂಗಡಿಯಲ್ಲಿ ಹನ್ನೊಂದು ವರ್ಷ ಚೀಲ ಹೊತ್ತೆ. ಚೀಲ ಇಳಿಸಿ ಬೆವರು ಒರೆಸಿಕೊಳ್ಳುವಾಗ ಗಾದಿಯ ಮೇಲೆ ಕುಳಿತ ಗುಮಾಸ್ತರು ವಹಿ ಬರೆಯುವುದನ್ನು ನೋಡುತ್ತಿದ್ದೆ. ಬೇರೀಜು ಎಂದರೆ ಕೂಡಿಸುವುದು, ವಜಾಬಾಕಿ ಎಂದರೆ ಕಳೆಯುವುದು, ಉಳಿದ ಶಿಲ್ಕನ್ನು ಮುಂದಿನ ಪಾನಿಗೆ, ಅಂದರೆ ಪುಟಕ್ಕೆ, ಒಯ್ಯುವುದು, ಎಲ್ಲವನ್ನೂ ಹಾಗೆ ನಿಂತೇ ಕಲಿತೆ. ಕೂತು ಕಲಿತವರಷ್ಟು ಬೇಗ ನಿಂತು ಕಲಿತವನು ಮರೆಯುವುದಿಲ್ಲ ಎಂಬುದು ನನ್ನ ನಂಬಿಕೆ. ಈ ನಂಬಿಕೆಗೆ ಏನಾಯಿತು ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಊರು ಐಗಳಿ. ಸುತ್ತ ದ್ರಾಕ್ಷಿ ತೋಟಗಳು, ತೋಟಗಳ ನಡುವೆ ಒಣದ್ರಾಕ್ಷಿ ಮಾಡುವ ಶೆಡ್ಡುಗಳು. ಹಣ್ಣು ಕಡಿದು ಕ್ರೇಟಿಗೆ ತುಂಬಿ ಶೆಡ್ಡಿಗೆ ತರಬೇಕು; ಅಲ್ಲಿ ದ್ರಾವಣದಲ್ಲಿ ಅದ್ದಿ ಬಲೆಯ ಮೇಲೆ ಹರವುತ್ತಾರೆ. ನನ್ನ ಹತ್ತಿರ ಒಂದು ಪಿಕಪ್ ಗಾಡಿ ಇದೆ, ಇನ್ನೂರ ನಲವತ್ತು ನೀಲಿ ಪ್ಲಾಸ್ಟಿಕ್ ಕ್ರೇಟುಗಳಿವೆ. ಸುಗ್ಗಿಯಲ್ಲಿ ಗಾಡಿಯ ಬಾಡಿಗೆ ಮಾತ್ರ ನನ್ನದು. ಕ್ರೇಟಿಗೆ ದುಡ್ಡಿಲ್ಲ, ಆದರೆ ಎಣಿಸಿ ಕೊಟ್ಟದ್ದು ಎಣಿಸಿ ಬರಬೇಕು. ಹನ್ನೆರಡು ರೈತರ ಜೊತೆ ನನಗೆ ಈ ವ್ಯವಹಾರ. ಅವರಲ್ಲಿ ಕೆಲವರ ಹತ್ತಿರ ಅವರವೇ ಕ್ರೇಟುಗಳೂ ಇರುತ್ತವೆ. ಅವರಿಗೆ ಕಡಿಮೆ ಬಿದ್ದ ದಿನ ನನ್ನವನ್ನು ಒಯ್ಯುತ್ತಾರೆ. ನನಗೆ ಕಡಿಮೆ ಬಿದ್ದ ದಿನ ನಾನು ಅವರವನ್ನು ಎತ್ತಿಕೊಂಡು ಬರುತ್ತೇನೆ. ನೀಲಿ ಹೋಗಿ ಕೆಂಪು ಬರುತ್ತದೆ, ಕೆಂಪು ಹೋಗಿ ಹಸಿರು ಬರುತ್ತದೆ. ಸುಗ್ಗಿಯ ನಡುವೆ ಯಾರ ಕ್ರೇಟು ಯಾರ ತೋಟದಲ್ಲಿದೆ ಎಂದು ಹುಡುಕಲು ಹೋದರೆ ದ್ರಾಕ್ಷಿ ಗಿಡದಲ್ಲೇ ಒಣಗಿ ಹೋಗುತ್ತದೆ. ಅದಕ್ಕೆ ನನ್ನದೊಂದು ನಿಯಮ: ಬಣ್ಣ ನೋಡಬಾರದು, ಲೆಕ್ಕ ನೋಡಬೇಕು.

ಲೆಕ್ಕ ನನ್ನ ವಹಿಯಲ್ಲಿತ್ತು. ಒಬ್ಬೊಬ್ಬರಿಗೆ ಒಂದೊಂದು ಪಾನು. ನನ್ನಿಂದ ಅವರ ಕಡೆ ಕ್ರೇಟು ಹೋದರೆ ಸಂಖ್ಯೆಯ ಹಿಂದೆ ಕೂಡುವ ಗುರುತು, ಅವರಿಂದ ನನ್ನ ಕಡೆ ಬಂದರೆ ಕಳೆಯುವ ಗುರುತು. ಕೊನೆಗೆ ಕೂಡುವ ಗುರುತಿನವನ್ನೆಲ್ಲ ಬೇರೆ ಬೇರೀಜು ಮಾಡುವುದು, ಕಳೆಯುವ ಗುರುತಿನವನ್ನೆಲ್ಲ ಬೇರೆ ಬೇರೀಜು ಮಾಡುವುದು, ದೊಡ್ಡದರಲ್ಲಿ ಸಣ್ಣದನ್ನು ಕಳೆದು, ದೊಡ್ಡದರ ಗುರುತನ್ನೇ ಉಳಿದದ್ದಕ್ಕೆ ಹಾಕುವುದು. ಕೂಡುವ ಗುರುತು ಬಂದರೆ ಅಷ್ಟು ಅವರು ನನಗೆ ಕೊಡಬೇಕು. ಕಳೆಯುವ ಗುರುತು ಬಂದರೆ ಅಷ್ಟು ನಾನು ಅವರಿಗೆ ಕೊಡಬೇಕು. ಚೀಟಿ ಇಲ್ಲ, ಸಹಿ ಇಲ್ಲ. ನಾನು ಹೇಳಿದ್ದೇ ಲೆಕ್ಕ. ಹನ್ನೆರಡು ಮಂದಿಯಲ್ಲಿ ಒಬ್ಬರೂ ಒಂದು ದಿನವೂ "ಹೆಂಗ?" ಎಂದು ಕೇಳಿರಲಿಲ್ಲ. ಗಾಡಿ ಹಳೆಯದಾಗಿತ್ತು, ಟೈರು ಸವೆದಿದ್ದವು. ನನ್ನ ಹತ್ತಿರ ಹೊಸದಾಗಿ ಉಳಿದಿದ್ದದ್ದು ಆ ನಂಬಿಕೆ ಒಂದೇ.

ಆ ಹನ್ನೆರಡರಲ್ಲಿ ಒಬ್ಬರು ನನ್ನ ಬೀಗರು. ಮಗಳನ್ನು ಅದೇ ಊರಲ್ಲಿ, ಹಳ್ಳದ ಆಚೆಯ ತೋಟದ ವಸ್ತಿಗೆ ಕೊಟ್ಟಿದ್ದೇನೆ. ಬೀಗರಿಗೆ ಐದು ಎಕರೆ ದ್ರಾಕ್ಷಿ, ಸ್ವಂತ ಶೆಡ್ಡು, ನೂರು ಕೆಂಪು ಕ್ರೇಟು, ಮತ್ತು ಎಂಥ ಮಾತನ್ನಾದರೂ ಮೆತ್ತಗೆ ಆಡುವ ಬಾಯಿ. ಮೆತ್ತಗೆ ಮಾತಾಡುವವರ ಜೊತೆ ಜಗಳಾಡುವುದು ಬಲು ಕಷ್ಟ. ನಾವು ಏರಿಸಿದ ದನಿ ನಮ್ಮ ಕಿವಿಗೇ ಬಂದು ಬಡಿಯುತ್ತದೆ.

ಸುಗ್ಗಿ ಜೋರಾಗಿತ್ತು. ಮರುದಿನ ಬೇರೊಬ್ಬರ ಹಣ್ಣು ಕಡಿಯುವುದಿತ್ತು, ಕ್ರೇಟು ಸಾಲುವಂತಿರಲಿಲ್ಲ. ವಹಿ ತೆಗೆದೆ. ಬೀಗರ ಪಾನಿನಲ್ಲಿ ಕೂಡುವ ಗುರುತಿನ ಮೂವತ್ತು ನಿಂತಿತ್ತು. ಬೀಗರಲ್ಲಿ ಕೇಳುವುದು ಹೇಗೆಂದು ಅರ್ಧ ತಾಸು ಯೋಚಿಸಿ, ಕೇಳಿಯೇ ಬಿಡೋಣ ಎಂದು ಅವರ ಶೆಡ್ಡಿಗೆ ಹೋದೆ. ಅಲ್ಲಿ ನಾಲ್ಕು ರೈತರು ಚಹಾ ಕುಡಿಯುತ್ತ ಕೂತಿದ್ದರು. ನಾಲ್ವರೂ ನನ್ನ ವಹಿಯ ಗಿರಾಕಿಗಳೇ.

"ಬೀಗ್ರ, ಒಂದ್ ಮಾತ್ ಹೇಳ್ತೇನಿ, ಸಿಟ್ಟಾಗಬಾರ್ದು" ಎಂದೆ.

"ಸಿಟ್ಟಾಗೂ ಮಾತಿದ್ರ ಮೊದಲ ಚಾ ಕುಡೀರಿ. ಚಾ ಆರಿದ್ರ ಮತ್ತ ಕಾಸಬೇಕಾಗ್ತೈತಿ, ಮಾತು ಆರಿದ್ರ ಚಲೋನ."

"ಏನಿಲ್ಲ, ನಮ್ಮ ಮೂವತ್ತ ಕ್ರೇಟ ನಿಮ್ಮ ಕಡೆ ಉಳದಾವು. ನಾಳೆ ಬೇಕಾಗ್ಯಾವ."

ಬೀಗರು ಚಹಾವನ್ನು ಬಸಿಗೆ ಸುರಿದುಕೊಂಡು, ಊದಿ, ಒಂದು ಗುಟುಕು ಕುಡಿದು ಹೇಳಿದರು. "ಮೂವತ್ತ? ನಮ್ಮ ಲೆಕ್ಕದಾಗ ನಿಮ್ಮ ಕಡೇನ ನಮ್ಮವು ಆರು ಉಳದಾವಲ್ರಿ. ಬೀಗರಿಗೆ ಆರ ಕ್ರೇಟ ಏನ್ ಕೇಳೂದು ಅಂತ ಸುಮ್ಮನಿದ್ನಿ."

ಚಹಾ ಕುಡಿಯುತ್ತಿದ್ದವರಲ್ಲಿ ಒಬ್ಬ, ಎಲ್ಲದಕ್ಕೂ ಒಂದು ಮಾತು ಸೇರಿಸುವ ಮನುಷ್ಯ, ನಕ್ಕ. "ಇಬ್ಬರೂ ಇಸಗೊಳ್ಳೋರ ಆದ್ರ ಕೊಡೋರ ಯಾರ್ರಿ?"

"ನಿಮ್ಮ ಲೆಕ್ಕ ಯಾರ್ ಬರೀತಾರ್ರಿ ಬೀಗ್ರ?" ಎಂದು ನಾನು ಕೇಳಿದೆ. ಯಾರೋ ಆಳುಮಗ ಗೋಡೆಯ ಮೇಲೆ ಇದ್ದಿಲಿಂದ ಗೀಚಿರಬೇಕು ಎಂಬುದು ನನ್ನ ಅಂದಾಜು.

"ನಮ್ಮ ಸೊಸಿ."

"ಅಂದ್ರ ನಿಮ್ಮ ಮಗಳು" ಎಂದು ಆ ಮನುಷ್ಯ ನನಗೆ ಬಿಡಿಸಿ ಹೇಳಿದ, ನನಗೆ ಗೊತ್ತಿಲ್ಲವೇನೋ ಎಂಬಂತೆ.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಆ ಮನುಷ್ಯ ಬಸಿಯನ್ನು ಕೆಳಗಿಡುತ್ತ, "ಹಂಗಾದ್ರ ನಂದೂ ಲೆಕ್ಕ ಒಮ್ಮೆ ನೋಡಬೇಕ್ರಿ" ಎಂದ. ಮೆತ್ತಗೇ ಹೇಳಿದ. ಉಳಿದ ಮೂವರೂ ಮನಸ್ಸಿನಲ್ಲಿ ತಮ್ಮ ತಮ್ಮ ಕ್ರೇಟು ಎಣಿಸುತ್ತಿರುವುದು ಮುಖದಲ್ಲಿ ಕಾಣಿಸುತ್ತಿತ್ತು. ಹನ್ನೆರಡು ಮಂದಿಯ ನಂಬಿಕೆ ನನ್ನ ಕಣ್ಣೆದುರೇ ಎಂಟಕ್ಕೆ ಇಳಿಯಿತು.

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಹೇಳಿದೆ: "ನೋಡ್ರಿ, ನಾಲ್ಕ ಮಂದಿ ಇದ್ದೀರಿ. ನನ್ನ ವಹಿ ತಪ್ಪಿ, ಬೀಗರಿಗೆ ನಾನು ಒಂದ ಕ್ರೇಟ ಕೊಡೂದು ಬಂದ್ರೂ, ಅದನ್ನ ಗಾಡ್ಯಾಗ ತರೂದಿಲ್ಲ. ತಲೀಮ್ಯಾಲ ಹೊತ್ತು, ಊರಾಗ ಹಾದು, ನಡಕೊಂತ ಬಂದ ಇಲ್ಲಿ ಇಳಸ್ತೇನಿ."

"ಬ್ಯಾಡ್ರಿ ಬೀಗ್ರ, ಬಿಸಲೈತಿ" ಎಂದರು ಬೀಗರು.

ಮನೆಗೆ ಬಂದಾಗ ಸುದ್ದಿ ನನಗಿಂತ ಮುಂಚೆ ಬಂದು ಅಡಿಗೆ ಮನೆಯಲ್ಲಿ ಕೂತಿತ್ತು.

"ಮೂವತ್ತ ಕ್ರೇಟಿನ ಸಲುವಾಗಿ ಮಗಳ ಮಾವನ ಕೂಡ ಜಗಳಾ ತಗದೀರಂತ" ಎಂದಳು ಹೆಂಡತಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

"ಜಗಳಲ್ಲ, ಲೆಕ್ಕ."

"ನೀವು ಲೆಕ್ಕ ಅಂದಾಗೆಲ್ಲಾ ನಾ ಎರಡ ದಿನ ಓಣ್ಯಾಗ ಮಾರಿ ತಗ್ಗಸಿ ಅಡ್ಡಾಡಬೇಕಾಗ್ತೈತಿ. ಅಲ್ರಿ, ಮನ್ಯಾಗ ಇಷ್ಟ ಕೆಂಪ ಕ್ರೇಟ ಅದಾವು, ಅವು ಯಾರವು?"

ಇದ್ದದ್ದು ನಿಜ. ಒಂದರಲ್ಲಿ ಕೋಳಿ ಕಾವು ಕೂತಿತ್ತು. ನಾಲ್ಕರಲ್ಲಿ ಉಳ್ಳಾಗಡ್ಡಿ. ಬಚ್ಚಲಲ್ಲಿ ಒಂದನ್ನು ಬೋರಲು ಹಾಕಿ ಕೂತು ಜಳಕ ಮಾಡುತ್ತಿದ್ದೆವು. ಟಿವಿಯನ್ನು ಒಂದರ ಮೇಲೊಂದು ಇಟ್ಟ ಎರಡು ಕ್ರೇಟಿನ ಮೇಲೆ, ಹೆಂಡತಿಯ ಹಳೆಯ ಸೀರೆ ಹೊದಿಸಿ ಕೂರಿಸಿದ್ದೆವು.

"ಬಣ್ಣ ನೋಡಬಾರ್ದು" ಎಂದೆ. "ನಮ್ಮ ನೀಲಿ ಅವರ ಶೆಡ್ಡಿನ್ಯಾಗ ಎಷ್ಟ ಅದಾವೋ ಏನೋ. ಕೆಂಪು ಇಲ್ಲಿದ್ರ ಅದು ಅವರದು ಅಂತ ಅಲ್ಲ, ನೀಲಿ ಅಲ್ಲಿದ್ರ ನಮ್ಮದು ಅಂತ ಅಲ್ಲ. ಲೆಕ್ಕ ಏನ್ ಹೇಳ್ತೈತಿ ಅದು ಖರೆ."

"ಹೇಳ್ರಿ ಹಂಗಾದ್ರ, ನೀವು ಕುಂತದ್ದು ಏನ್ ಹೇಳ್ತೈತಿ?"

ಕೆಳಗೆ ನೋಡಿದೆ. ಕೆಂಪು ಕ್ರೇಟಿನ ಮೇಲೆ ಕೂತಿದ್ದೆ.

ಆದರೂ ಎದ್ದೇಳಲಿಲ್ಲ. ಅದರ ಮೇಲೆಯೇ ಕೂತು ವಹಿ ಬಿಚ್ಚಿ ಮತ್ತೆ ಬೇರೀಜು ಮಾಡಿದೆ. ಕೂಡುವ ಗುರುತಿನವು: ಹದಿನೆಂಟು, ಅರವತ್ತು, ಎಂಬತ್ತು, ಐವತ್ತು, ನಲವತ್ತು. ಒಟ್ಟು ಇನ್ನೂರ ನಲವತ್ತೆಂಟು. ಕಳೆಯುವ ಗುರುತಿನವು: ನಲವತ್ತೈದು, ಎಪ್ಪತ್ತೆರಡು, ಅರವತ್ತನಾಲ್ಕು, ಮೂವತ್ತೇಳು. ಒಟ್ಟು ಇನ್ನೂರ ಹದಿನೆಂಟು. ಇನ್ನೂರ ನಲವತ್ತೆಂಟರಲ್ಲಿ ಇನ್ನೂರ ಹದಿನೆಂಟು ಹೋದರೆ ಮೂವತ್ತು. ಕೆಳಗಿನಿಂದ ಮೇಲಕ್ಕೆ ಮಾಡಿದೆ, ಮೂವತ್ತು. ಮೊಬೈಲಿನಲ್ಲಿ ಒತ್ತಿದೆ, ಮೊಬೈಲೂ ಮೂವತ್ತು ಎಂದಿತು. ಅದನ್ನು ರೊಟ್ಟಿ ಬಡಿಯುವ ಕೈಯ ಮುಂದೆ ಹಿಡಿದೆ.

"ನೋಡು, ಇದಕ್ಕ ನಾ ಏನೂ ಕಲಿಸಿಕೊಟ್ಟಿಲ್ಲ. ತಾನ ಮೂವತ್ತ ಅಂತೈತಿ."

"ನೀವು ಹೇಳಿದ್ದನ್ನ ತಾನ ಅದು ಕೂಡಿಸೂದು" ಎಂದಳು. ಶಾಲೆಯ ಮೆಟ್ಟಿಲನ್ನು ನನಗಿಂತಲೂ ಕಡಿಮೆ ಹತ್ತಿದವಳು. ಆಗ ಆ ಮಾತಿನ ತೂಕ ನನಗೆ ಹತ್ತಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಮಗಳು ಸ್ಕೂಟಿಯಲ್ಲಿ ಬಂದಳು. ಅಥಣಿಯ ಕಾಲೇಜಿನಲ್ಲಿ ಬಿ.ಕಾಂ. ಮಾಡಿದವಳು. ಅವಳ ಓದಿಗೆ ನಾನು ಎಷ್ಟು ಚೀಲ ಹೊತ್ತಿದ್ದೇನೆ ಎಂಬುದರ ಲೆಕ್ಕ ಮಾತ್ರ ನಾನು ಇಟ್ಟಿಲ್ಲ. ಕಂಕುಳಲ್ಲಿ ಒಂದು ನೋಟುಬುಕ್ಕು ಇತ್ತು. ಬಂದವಳೇ ನೀರು ಕುಡಿದು, ಕೋಳಿಯ ಕ್ರೇಟನ್ನೊಮ್ಮೆ, ಟಿವಿಯ ಕ್ರೇಟನ್ನೊಮ್ಮೆ ನೋಡಿ, ನನ್ನ ಎದುರು ಕೂತಳು.

"ಅಪ್ಪಾ, ಮಾವಾರು ಕಳಿಸಿಲ್ಲ, ನಾನ ಬಂದೇನಿ. ನಿನ್ನೆ ರಾತ್ರಿ ಅವರು ಊಟಾನ ಸರಿ ಮಾಡಲಿಲ್ಲ. ‘ಬೀಗರಿಗೆ ಆರು ಇರೂದ ಹೇಳಬಾರ್ದಿತ್ತು’ ಅಂತ ಕುಂತಾರ."

"ಅವರ ಆರು ನನಗ ಬ್ಯಾಡ, ನನ್ನ ಮೂವತ್ತ ಕೊಟ್ರ ಸಾಕು. ಬೇಕಾದ್ರ ಮೂವತ್ತರಾಗ ಆರು ಕಳಿ. ಇಪ್ಪತ್ನಾಕ ಕೊಡ್ರಿ, ಮುಗೀತು. ವ್ಯತ್ಯಾಸ ಅಷ್ಟ ಅಲ್ಲ?"

"ಅಷ್ಟಲ್ಲ. ಮೂವತ್ತಾರು."

ನಾನು ನಕ್ಕೆ. ಬಿ.ಕಾಂ. ಎಂದರೆ ಇದೇನಾ ಎಂದುಕೊಂಡೆ. ಮೂವತ್ತಕ್ಕೂ ಆರಕ್ಕೂ ಇಪ್ಪತ್ತನಾಲ್ಕೇ ವ್ಯತ್ಯಾಸ ಎಂಬುದು ಕೋಳಿಗೂ ಗೊತ್ತು.

ಅವಳು ಸಿಟ್ಟಾಗಲಿಲ್ಲ. "ಅಪ್ಪಾ, ನೀ ಬಸ್ ಸ್ಟ್ಯಾಂಡಿನಿಂದ ಈ ಕಡೆ ಮೂವತ್ತ ಹೆಜ್ಜಿ ಮ್ಯಾಲ ನಿಂತಿ. ಮಾವಾರು ಆ ಕಡೆ ಆರ ಹೆಜ್ಜಿ ಮ್ಯಾಲ ನಿಂತಾರ. ನಿಮ್ಮಿಬ್ಬರ ನಡುವ ಎಷ್ಟ ಹೆಜ್ಜಿ?"

"ಮೂವತ್ತಾರು" ಎಂದೆ. ಎಂದ ಮೇಲೆ ವಹಿಯನ್ನು ಮುಂದಕ್ಕೆ ಎಳೆದುಕೊಂಡೆ.

"ನೀ ಕೊಟ್ಟದ್ದು ನಮಗ ಬಂದದ್ದು. ನಾವು ಕೊಟ್ಟದ್ದು ನಿನಗ ಬಂದದ್ದು. ಅದಕ್ಕ ನಿನ್ನ ವಹಿಯಾಗ ಕೂಡೂ ಗುರುತ ಇದ್ದಲ್ಲಿ ನನ್ನ ಬುಕ್ಕಿನಾಗ ಕಳಿಯೂ ಗುರುತ ಇರಬೇಕು. ಎರಡೂ ಶಿಲ್ಕು ಕೂಡಿಸಿದ್ರ ಸೊನ್ನಿ ಬರಬೇಕು. ನಿಂದು ಕೂಡೂ ಮೂವತ್ತು, ನಂದು ಕೂಡೂ ಆರು. ಸೊನ್ನಿ ಬರೂ ಬದಲಿ ಮೂವತ್ತಾರ ಬರಾಕತ್ತೈತಿ. ಓದು, ಒಂದೊಂದ ಸಾಲ ನೋಡೂಣು."

ಓದಿದೆ. ಧ್ವನಿ ಗಟ್ಟಿಯಾಗಿಯೇ ಇತ್ತು, ಯಾಕೆಂದರೆ ವಹಿ ನನ್ನದು. ಮೊದಲ ಸಾಲನ್ನು ಅವಳೇ ಆಮೇಲೆ ನೋಡೋಣ ಎಂದಳು. ಎರಡನೆಯದರಿಂದ ಶುರು ಮಾಡಿದೆ.

"ಕೂಡು ಅರವತ್ತು."

"ನಂದ್ರಾಗ ಕಳಿ ಅರವತ್ತು. ಸರಿ."

"ಕಳಿ ನಲವತ್ತೈದು."

"ಕೂಡು ನಲವತ್ತೈದು. ಸರಿ."

ಹೀಗೆ ಎಂಟೂ ಸಾಲು ಸರಿಹೋದವು. ನನ್ನಲ್ಲಿ ಕೂಡಿದ್ದು ಅವಳಲ್ಲಿ ಕಳೆದಿತ್ತು, ನನ್ನಲ್ಲಿ ಕಳೆದದ್ದು ಅವಳಲ್ಲಿ ಕೂಡಿತ್ತು. ಒಂದು ಕ್ರೇಟೂ ಆಚೀಚೆ ಇಲ್ಲ. ಒಂದೊಂದು ‘ಸರಿ’ಗೂ ನನ್ನ ಎದೆ ಒಂದೊಂದು ಇಂಚು ಏರುತ್ತಿತ್ತು.

"ಇನ್ನ ಮೊದಲನೇ ಸಾಲು" ಎಂದಳು. "ಹ್ವಾದ ವರ್ಷದ ಶಿಲ್ಕು."

"ಕೂಡು ಹದಿನೆಂಟು."

"ನಂದ್ರಾಗೂ ಕೂಡು ಹದಿನೆಂಟು."

"ನೋಡಿದೇನ?" ಎಂದೆ ನಾನು, ಹೆಂಡತಿಗೂ ಕೇಳಲಿ ಎಂದು. "ಇದಂತೂ ಅಕ್ಷರಶಃ ಕೂಡೇತಿ. ಉಳಿದದ್ದರಾಗ ಗುರುತರೆ ಬ್ಯಾರೆ ಬ್ಯಾರೆ ಇದ್ದವು, ಇದರಾಗ ಗುರುತೂ ಒಂದ, ಸಂಖ್ಯೆನೂ ಒಂದ. ಇದಕ್ಕಿಂತ ಸರಿ ಇನ್ನೇನ್ ಬೇಕು?"

ಮಗಳು ಒಂದು ಬೆರಳನ್ನು ನನ್ನ ಕೂಡುವ ಗುರುತಿನ ಮೇಲೆ, ಇನ್ನೊಂದನ್ನು ತನ್ನದರ ಮೇಲೆ ಇಟ್ಟಳು. ಅಡಿಗೆ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು.

ನಾನೇ ನಿಧಾನವಾಗಿ ಅಲ್ಲಿಗೆ ಬಂದೆ. ಎಂಟು ಸಾಲುಗಳು ಸರಿಯಾದದ್ದು ಗುರುತು ಉಲ್ಟಾ ಇದ್ದದ್ದರಿಂದ. ಒಂದು ಸಾಲಿನಲ್ಲಿ ಗುರುತು ಒಂದೇ ಎಂದರೆ, ಹೋದ ವರ್ಷದ ಅದೇ ಹದಿನೆಂಟು ಕ್ರೇಟನ್ನು ನಾನು ಅವರಿಂದ ಬರಬೇಕು ಎನ್ನುತ್ತೇನೆ, ಅವರು ನನ್ನಿಂದ ಬರಬೇಕು ಎನ್ನುತ್ತಾರೆ. ಬೀಗರು ಬೀಗರೇ ಇರಬಹುದು; ಹದಿನೆಂಟು ಕ್ರೇಟು ಒಂದೇ ಸಲ ಇಬ್ಬರಿಂದಲೂ ಇಬ್ಬರಿಗೂ ಬರಲಾರವು.

"ಗುರುತ ತಪ್ಪಿದ್ರ ವ್ಯತ್ಯಾಸ ಡಬಲ್ ಆಗ್ತೈತಪ್ಪ" ಎಂದಳು ಮಗಳು. "ಹದಿನೆಂಟ ಕಳೀಬೇಕಾದಲ್ಲಿ ಹದಿನೆಂಟ ಕೂಡಿಸಿದ್ರ ಮೂವತ್ತಾರ ಸರಕ್ತೈತಿ. ಅದಕ್ಕ ನಾ ಮೂವತ್ತಾರನ್ನ ಅರ್ಧಾ ಮಾಡಿ, ಹದಿನೆಂಟ ಎಲ್ಲೈತಿ ಅಂತ ಹುಡಿಕ್ಯಾಡ್ಕೊಂತ ಬಂದೆ. ಈಗ ಯಾರ ಗುರುತ ತಪ್ಪೇತಿ ಅನ್ನೂದ ನೋಡಬೇಕು. ನಂದರೆ ತಪ್ಪಿರಬಹುದು. ಹಳೇ ವಹಿ ಎಲ್ಲೈತಿ?"

ಹಳೆಯ ವಹಿ ದೇವರ ಜಗುಲಿಯ ಮೇಲೆ ಇತ್ತು. ನನ್ನದೇ ತಪ್ಪಿಲ್ಲ ಎಂಬ ಧೈರ್ಯವಿದ್ದಿದ್ದರೆ ಓಡಿ ತರುತ್ತಿದ್ದೆ. "ಸ್ನಾನ ಆಗಿಲ್ಲ, ಜಗಲಿ ಮುಟ್ಟಬಾರ್ದು" ಎಂದೆ.

"ನಂದಾಗೇತಿ" ಎಂದು ಹೆಂಡತಿ ತಂದಳು. ಕುಂಕುಮ ಹಚ್ಚಿದ ರಟ್ಟು, ನಡುವೆ ಒಣಗಿದ ಹೂವು. ಬೀಗರ ಪಾನು ತೆಗೆದಳು ಮಗಳು. ಕೆಳಗೆ ನನ್ನದೇ ಅಕ್ಷರದಲ್ಲಿ ಹದಿನೆಂಟು, ಅದರ ಹಿಂದೆ ಅಡ್ಡಕ್ಕೆ ಎಳೆದ ಗೆರೆ, ಸುತ್ತ ಒಂದು ದುಂಡು. ಕಳೆಯುವ ಗುರುತು. ಆ ಹದಿನೆಂಟು ನಾನು ಕೊಡಬೇಕಾದದ್ದು.

ಗೆರೆಯನ್ನು ನೋಡಿದ ತಕ್ಷಣ ಪಾಡ್ಯದ ದಿನ ನೆನಪಾಯಿತು. ನನಗಿಂತ ಮೊದಲು ಹೆಂಡತಿಗೆ ನೆನಪಾಯಿತು ಎಂಬುದು ಬೇರೆ ಮಾತು.

ದೀಪಾವಳಿ ಪಾಡ್ಯಕ್ಕೆ ಹೊಸ ವಹಿಗೆ ಪೂಜೆ ಮಾಡುತ್ತೇವೆ. ರಟ್ಟಿಗೆ ಕುಂಕುಮ, ಮೊದಲ ಪಾನಿನ ನೆತ್ತಿಗೆ ಶ್ರೀ, ಒಂದು ಕಡೆ ಶುಭ, ಒಂದು ಕಡೆ ಲಾಭ. ಅವತ್ತು ಹಳೆಯ ಶಿಲ್ಕುಗಳನ್ನು ಹೊಸ ವಹಿಗೆ ಒಯ್ಯಬೇಕು. ಹಳೆಯ ವಹಿಯಲ್ಲಿ ಬೀಗರು ಏಳನೆಯ ಪಾನಿನಲ್ಲಿದ್ದರು. ಬೀಗರನ್ನು ಏಳನೆಯ ಪಾನಿನಲ್ಲಿ ಇಡುವುದು ಸರಿಯಲ್ಲ, ಮರ್ಯಾದೆಗೆ ಮೊದಲ ಪಾನು ಕೊಡೋಣ ಎಂದು ನಾನೇ ತೀರ್ಮಾನಿಸಿದೆ. ಹಾಗಾಗಿ ಇಡೀ ವಹಿಯ ಮೊಟ್ಟಮೊದಲ ಸಾಲು ಬೀಗರ ಶಿಲ್ಕಾಯಿತು. ಹದಿನೆಂಟು ಬರೆದೆ. ಅದರ ಹಿಂದೆ ಕಳೆಯುವ ಗೆರೆ ಎಳೆಯಲು ಪೆನ್ನು ಇಟ್ಟಿದ್ದೆ, ಆರತಿ ತಟ್ಟೆ ಹಿಡಿದು ನಿಂತಿದ್ದ ಹೆಂಡತಿ, "ಅಲ್ರಿ, ಲಾಭ ಅಂತ ಬರದು ಅದರ ಬುಡಕ್ಕನ ವಜಾ ಬರೀತೀರೇನ್ರಿ? ವರ್ಷಪೂರ್ತಿ ವಜಾನ ಆದೀತು" ಎಂದಳು. ನನಗೂ ಹೌದೆನಿಸಿತು. ಪೂಜೆ ಮುಗಿಯಲಿ, ದೀಪ ಶಾಂತವಾದ ಮೇಲೆ ಗೆರೆ ಎಳೆದರಾಯಿತು ಎಂದು ಪೆನ್ನು ಎತ್ತಿದೆ. ಆರತಿ ಆಯಿತು. ಹೋಳಿಗೆ ಬಿಸಿ ಇತ್ತು. ತುಪ್ಪ ಬಡಿಸಿದರು. ನಾಲ್ಕು ಹೋಳಿಗೆ ತಿಂದ ಮನುಷ್ಯನಿಗೆ ಒಂದು ಗೆರೆ ನೆನಪಿರುವುದಿಲ್ಲ.

ಮಾಗಿ ಮುಗಿದು ಸುಗ್ಗಿ ಬಂದಾಗ ಗುರುತಿಲ್ಲದ ಹದಿನೆಂಟನ್ನು ನೋಡಿ, ಗುರುತಿಲ್ಲ ಎಂದರೆ ಕೂಡುವುದೇ ಇರಬೇಕು ಎಂದು ನಾನೇ ಒಂದು ಅಡ್ಡ, ಒಂದು ಉದ್ದ ಎಳೆದು ಚೆಂದ ಮಾಡಿದ್ದೆ.

"ನೀನ ಬ್ಯಾಡಂದಿ" ಎಂದೆ ಹೆಂಡತಿಗೆ.

"ಪೂಜಿ ಮುಗಿಯೂತನಕ ಬ್ಯಾಡಂದೆ. ಹೋಳಿಗಿ ತಿಂದಮ್ಯಾಲೂ ಬ್ಯಾಡಂದಿದ್ನೇನು?"

ಮಗಳು ವಹಿಯನ್ನು ನನ್ನ ಕಡೆ ತಿರುಗಿಸಿ, ಪೆನ್ನು ಕೈಗೆ ಕೊಟ್ಟಳು. ಅವಳೇ ತಿದ್ದಬಹುದಿತ್ತು, ತಿದ್ದಲಿಲ್ಲ. ನಾನು ಮೊದಲ ಸಾಲನ್ನು ಹೊಡೆದು, ಬದಿಗೆ ಕಳೆಯುವ ಹದಿನೆಂಟು ಬರೆದೆ. ಹೊಸದಾಗಿ ಬೇರೀಜು: ಕೂಡುವವು ಈಗ ಇನ್ನೂರ ಮೂವತ್ತು. ಕಳೆಯುವವು ಇನ್ನೂರ ಹದಿನೆಂಟರ ಜೊತೆ ಹದಿನೆಂಟು ಸೇರಿ ಇನ್ನೂರ ಮೂವತ್ತಾರು. ದೊಡ್ಡದು ಕಳೆಯುವ ಕಡೆ. ಉಳಿದದ್ದು ಆರು, ಗುರುತು ಕಳೆಯುವುದು. ನನ್ನ ಬೀಗರ ಆರು, ಬಾಲ ಹಚ್ಚಿಕೊಂಡು ನನ್ನ ವಹಿಯಲ್ಲೇ ಬಂದು ಕೂತಿತು.

ಮೊದಲು ಅಂಜಿದ್ದು ಉಳಿದ ಹನ್ನೊಂದು ಖಾತೆಗಳಿಗೆ. ಮಗಳ ಜೊತೆ ಕೂತು ಹಳೆಯ ವಹಿಗೂ ಹೊಸ ವಹಿಗೂ ಒಂದೊಂದನ್ನೂ ತಾಳೆ ನೋಡಿದೆ. ಅವುಗಳಲ್ಲಿ ಮೂರಕ್ಕೆ ಕಳೆಯುವ ಗುರುತು ಇತ್ತು, ಮೂರೂ ಗೆರೆ ಸರಿಯಾಗಿದ್ದವು. ಅವರಿಗೆಲ್ಲ ನಾನು ಮರ್ಯಾದೆ ಕೊಡಲು ಹೋಗಿರಲಿಲ್ಲ, ಅದಕ್ಕೆ ಲೆಕ್ಕ ನೆಟ್ಟಗಿತ್ತು.

"ಅಪ್ಪಾ, ನಾ ಸ್ಕೂಟಿಮ್ಯಾಲ ಎರಡ ಸಲಕ್ಕ ಒಯ್ತೇನಿ" ಎಂದಳು ಮಗಳು. "ಯಾರಿಗೂ ಗೊತ್ತಾಗೂದಿಲ್ಲ."

"ನಾಲ್ಕ ಮಂದಿ ಮುಂದ ಆಡಿದ ಮಾತು."

"ಮಾವಾರು ಮರತಾರ."

"ನಾ ಮರ್ತಿಲ್ಲ."

ಆರು ಕ್ರೇಟು ಹೊಂದಿಸಿದೆ. ನೀಲಿಯಲ್ಲಿ ನಾಲ್ಕು ಮನೆಯಲ್ಲಿದ್ದವು, ಉಳಿದವು ತೋಟಗಳಿಗೆ ಹೋಗಿದ್ದವು; ಎರಡು ಕಡಿಮೆ ಬಿದ್ದವು. ಟಿವಿಯನ್ನು ನೆಲಕ್ಕೆ ಇಳಿಸಿ ಅದರ ಕೆಳಗಿನ ಎರಡನ್ನು ತೆಗೆದೆ. ತಲೆಗೆ ಸಿಂಬೆ ಇಟ್ಟುಕೊಂಡು ಒಂದರ ಮೇಲೊಂದು ಆರನ್ನೂ ಹೊತ್ತೆ. ಚೀಲ ಹೊತ್ತ ತಲೆಗೆ ಖಾಲಿ ಕ್ರೇಟು ಭಾರವಲ್ಲ. ಎತ್ತರದ್ದೇ ಫಜೀತಿ, ಗಾಳಿ ಬಂದ ಕಡೆ ವಾಲುತ್ತಿದ್ದವು. ಅಂಗಡಿಯ ಕಟ್ಟೆಯ ಮೇಲೆ ಕೂತವರು ಕೇಳಿದರು.

"ಗಾಡಿ ಕೆಟ್ಟೇತೇನ್ರಿ?"

"ಗಾಡಿ ಚಲೋ ಐತಿ. ಗೆರಿ ಒಂದು ಬಿಟ್ಟಿತ್ತು."

ಅವರಿಗೆ ಏನೂ ತಿಳಿಯಲಿಲ್ಲ. ತಿಳಿಯದಿದ್ದರೂ ಹಳ್ಳದವರೆಗೆ ಇಬ್ಬರು ನನ್ನ ಹಿಂದೆಯೇ ಬಂದರು.

ಶೆಡ್ಡಿನಲ್ಲಿ, ಎಲ್ಲದಕ್ಕೂ ಮಾತು ಸೇರಿಸುವ ಆ ಮನುಷ್ಯ ಇವತ್ತೂ ಚಹಾಕ್ಕೆ ಬಂದಿದ್ದ. ಬೀಗರು ನನ್ನನ್ನು ನೋಡಿ ಓಡಿ ಬಂದು ಕೆಳಗಿಳಿಸಲು ಕೈ ಹಾಕಿದರು. "ಏನ್ರಿ ಬೀಗ್ರ ಇದು, ಆರ ಕ್ರೇಟಿಗೆ."

"ಎಣಸ್ರಿ" ಎಂದೆ. "ವಹಿ ಮೊದಲನೇ ಸಾಲಿನ್ಯಾಗ ಗುರುತು ತಪ್ಪಿತ್ತು. ತಪ್ಪು ನಂದ. ಉಳಿದ ಖಾತೆ ಎಲ್ಲಾ ಹಳೇ ವಹಿಗೆ ತಾಳಿ ನೋಡೇನಿ, ಸರಿ ಅದಾವು. ಯಾರಿಗೆ ನೋಡೂದೈತಿ ಈಗ ಬಂದ ನೋಡ್ಲಿ." ಕೊನೆಯ ಮಾತನ್ನು ಚಹಾ ಕುಡಿಯುವ ಮನುಷ್ಯನ ಕಡೆ ತಿರುಗಿ ಹೇಳಿದೆ.

ಅವನು ಬಸಿ ಕೆಳಗಿಟ್ಟ. "ಇನ್ನೇನ್ ನೋಡೂದ್ರಿ. ಆರ ಕ್ರೇಟ ತಪ್ಪಿದ್ದಕ್ಕ ತಲೀಮ್ಯಾಲ ಹೊತ್ತು ತರೂ ಮನಿಷ್ಯಾ ನಂದು ಇಟಗೊಂಡಿದ್ರ ಇಷ್ಟೊತ್ತಿಗೆ ನಮ್ಮ ಮನಿ ಮುಂದ ಇರತಿದ್ದ." ಅವನು ಬಾಯಿಬಿಟ್ಟು ಹೇಳಿದ ಒಂದೇ ಒಳ್ಳೆಯ ಮಾತು ಅದು. ಅದರೊಳಗೂ ಒಂದು ಚುಚ್ಚು ಇತ್ತು, ಇರಲಿ.

ಬೀಗರು ಬಗ್ಗಿ, ಒಂದಕ್ಕೆ ಲಾಭ ಎನ್ನುವ ನಮ್ಮ ಕಡೆಯ ರೂಢಿಯಂತೆ, "ಲಾಭ, ಎರಡು, ಮೂರು" ಎಂದು ಎಣಿಸಿದರು. ಆರಾದವು. ಮಗಳು ಸ್ಕೂಟಿಯಲ್ಲಿ ನನಗಿಂತ ಮುಂಚೆ ಬಂದು ಮುಟ್ಟಿದ್ದಳು; ಬುಕ್ಕಿನಲ್ಲಿ ಕಳೆಯುವ ಆರು ಬರೆದು, ಕೆಳಗೆ ಸೊನ್ನೆ ಇಟ್ಟಳು. ನಾನೂ ಜೇಬಿನಿಂದ ವಹಿ ತೆಗೆದು, ಹೋದದ್ದಕ್ಕೆ ಕೂಡುವ ಆರು ಬರೆದು ಸೊನ್ನೆ ಇಟ್ಟೆ. ಎರಡೂ ಸೊನ್ನೆಗಳನ್ನು ಪಕ್ಕ ಪಕ್ಕ ಹಿಡಿದು ನೋಡಿದೆವು. ಬೀಗರು ನನ್ನ ಸೊನ್ನೆ ದುಂಡಗಿದೆ ಎಂದರು.

ಚಹಾ ಕುಡಿದು ಎದ್ದೆ. "ಖಾಲಿ ಕೈಲೆ ಹೊಂಟ್ರೇನ್ರಿ?" ಎಂದರು ಬೀಗರು. ಬೇಡ ಎನ್ನುವುದರೊಳಗೆ ಆಳಿಗೆ ಕೂಗಿ, ಆಗಷ್ಟೇ ಕಡಿದು ತಂದ ಹಣ್ಣಿನ ಒಂದು ಕ್ರೇಟನ್ನು ತುಂಬಿದ್ದು ತುಂಬಿದ ಹಾಗೆಯೇ ತರಿಸಿದರು. ಬೀಗರು ಕೊಟ್ಟದ್ದನ್ನು ಬೇಡ ಎನ್ನುವ ಹಾಗಿಲ್ಲ. ಹಣ್ಣನ್ನು ಚೀಲಕ್ಕೆ ಸುರಿದುಕೊಳ್ಳುತ್ತೇನೆ, ಕ್ರೇಟು ಇಟ್ಟುಕೊಳ್ಳಿ ಎಂದೆ. "ಚೀಲದಾಗ ಹಣ್ಣ ನುಗ್ಗಾಗ್ತಾವ್ರಿ" ಎಂದರು, ತಮ್ಮ ಮೆತ್ತನೆಯ ದನಿಯಲ್ಲಿ.

ಹೋಗುವಾಗ ಖಾಲಿ ಆರು ಹೊತ್ತ ತಲೆಯ ಮೇಲೆ ಬರುವಾಗ ತುಂಬಿದ ಒಂದು ಹೊತ್ತೆ. ಆ ಒಂದು, ಆ ಆರಕ್ಕಿಂತ ಭಾರವಿತ್ತು. ಅಂಗಡಿಯ ಕಟ್ಟೆಯವರು ಎದ್ದು ನಿಂತು ನೋಡಿದರು.

ಮನೆಯಲ್ಲಿ ಹೆಂಡತಿ ಹಣ್ಣನ್ನು ಬುಟ್ಟಿಗೆ ಸುರಿದು, ಕೆಂಪು ಕ್ರೇಟನ್ನು ತೊಳೆದು, ನೆಲದ ಮೇಲಿದ್ದ ಟಿವಿಯ ಕಡೆ ಒಮ್ಮೆ ನೋಡಿದಳು.

"ತಡಿ" ಎಂದೆ. ವಹಿ ತೆಗೆದು, ಸೊನ್ನೆಯ ಕೆಳಗೆ ಒಂದು ಎಂದು ಬರೆದೆ. ಅದರ ಹಿಂದೆ ಕಳೆಯುವ ಗೆರೆಯನ್ನು, ಹೋಳಿಗೆಯಿಲ್ಲ, ಆರತಿಯಿಲ್ಲ, ಯಾರೂ ಬೇಡ ಎನ್ನುವವರಿಲ್ಲ, ಪೆನ್ನು ಒತ್ತಿ ಎಷ್ಟು ದಪ್ಪಗೆ ಎಳೆದೆನೆಂದರೆ ಹಾಳೆ ಹರಿದು, ಆ ಗೆರೆ ಮುಂದಿನ ಪಾನಿನವರ ಖಾತೆಯಲ್ಲೂ ಮೂಡಿತು. ಅವರಿಗೆ ಅದು ಏನೆಂದು ತಿಳಿಸಿ ಹೇಳಲು ಮತ್ತೊಂದು ದಿನ ಹಿಡಿಯಿತು.